ಖಾಲಿ ಓಡಿದ ಕಿಲೋಮೀಟರಿನ ಲೆಕ್ಕ: ಕೆ.ಜಿ.ಎಫ್.ನಿಂದ ಬೆಂಗಳೂರಿಗೆ ಹೋಗಿ ಟ್ಯಾಕ್ಸಿ ಓಡಿಸುವವರಿಗೆ ದಿನಕ್ಕೆ ಉಳಿಯುವುದೆಷ್ಟು?

ನಮ್ಮ ಕರಾವಳಿಯಲ್ಲಿ ಬಾಡಿಗೆ ಕಾರು ಇಟ್ಟುಕೊಂಡವರಿಗೆ ಒಂದು ಮಾತು ಚೆನ್ನಾಗಿ ಗೊತ್ತು. ಬೆಳ್ತಂಗಡಿಯಿಂದ ಬಜ್ಪೆ ವಿಮಾನ ನಿಲ್ದಾಣಕ್ಕೆ ಪ್ರಯಾಣಿಕರನ್ನು ಬಿಟ್ಟು ಬರುವ ಬಾಡಿಗೆ ಮಾತಾಡುವಾಗ, ಖಾಲಿ ಹಿಂದಿರುಗುವ ದಾರಿಯ ಎಣ್ಣೆಯನ್ನೂ ಸೇರಿಸಿಯೇ ಹೇಳುವುದು ವಾಡಿಕೆ. ಕಾರ್ ಸ್ಟ್ಯಾಂಡಿನ ಹಿರಿಯ ಚಾಲಕರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಆದರೆ ಮೊಬೈಲ್ ಆ್ಯಪ್ ಮೂಲಕ ಟ್ಯಾಕ್ಸಿ ಓಡಿಸುವ ವ್ಯವಸ್ಥೆ ಬಂದ ಮೇಲೆ ಈ ಲೆಕ್ಕವು ಚಾಲಕನ ಕಣ್ಣಿಗೆ ಬೀಳದಂತಾಗಿದೆ. ಆ್ಯಪ್ ತೋರಿಸುವುದು ಪ್ರಯಾಣಿಕರು ಕುಳಿತಿದ್ದ ಕಿಲೋಮೀಟರ್ ಮತ್ತು ಅದರ ಹಣವನ್ನು ಮಾತ್ರ. ಉಳಿದ ಓಟದ ಲೆಕ್ಕ ಕಾರಿನ ಓಡೋಮೀಟರಿನಲ್ಲಿಯೂ ಎಣ್ಣೆಯ ಬಿಲ್ಲಿನಲ್ಲಿಯೂ ಇರುತ್ತದೆ.

ಈ ವಿಷಯವನ್ನು ವಿವರಿಸಲು ನಾವು ಕೋಲಾರ ಜಿಲ್ಲೆಯ ಕೋಲಾರ ಚಿನ್ನದ ಗಣಿ, ಅಂದರೆ ಕೆ.ಜಿ.ಎಫ್. ಮತ್ತು ಅದರ ನೆರೆಯ ಬಂಗಾರಪೇಟೆಯನ್ನು ಆಯ್ದುಕೊಂಡಿದ್ದೇವೆ. ಖಾಲಿ ಕಿಲೋಮೀಟರು ಒಂದು ಕುಟುಂಬದ ದುಡಿಮೆಯನ್ನು ಹೇಗೆ ನುಂಗಬಲ್ಲುದೆಂಬುದು ಅಲ್ಲಿ ಸ್ಪಷ್ಟವಾಗಿ ಕಾಣುತ್ತದೆ. 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ತನ್ನ ಗಣಿಗಳನ್ನು ಮುಚ್ಚಿದ ಬಳಿಕ ಆ ಊರಿನ ದುಡಿಯುವ ಕೈಗಳು ಬೆಂಗಳೂರಿನತ್ತ ತಿರುಗಿದವು. ಮಾರಿಕುಪ್ಪಂನಿಂದ ಹೊರಟು ಚಾಂಪಿಯನ್, ಊರಿಗಾಂ, ಕೋರಮಂಡಲ್ ನಿಲ್ದಾಣಗಳನ್ನು ಹಾದು ಬಂಗಾರಪೇಟೆಯಲ್ಲಿ ಮುಖ್ಯ ಮಾರ್ಗ ಸೇರುವ ರೈಲುಗಳಲ್ಲಿ ಪ್ರತಿದಿನ ಮುಂಜಾನೆ ಸಾವಿರಾರು ಜನರು ಬೆಂಗಳೂರಿಗೆ ಹೋಗಿ ರಾತ್ರಿ ಮನೆಗೆ ಮರಳುತ್ತಾರೆ. ಇಂಥ ಊರಿನ ಯುವಕನು ಸಾಲದಲ್ಲಿ ಹಳದಿ ಬೋರ್ಡಿನ ಕಾರು ಕೊಂಡರೆ ಅವನಿಗೂ ಗಿರಾಕಿಗಳು ಸಿಗುವುದು ಬೆಂಗಳೂರಿನಲ್ಲೇ. ರಾಬರ್ಟ್‌ಸನ್‌ಪೇಟೆಯಲ್ಲಿಯೋ ಬಂಗಾರಪೇಟೆಯಲ್ಲಿಯೋ ದಿನವಿಡೀ ಆ್ಯಪ್ ತೆರೆದು ಕುಳಿತರೆ ಸಾಲದ ಕಂತು ಕಟ್ಟುವಷ್ಟು ಬಾಡಿಗೆ ಬರುವುದಿಲ್ಲ.

ಹೀಗಾಗಿ ಅವನ ಮನೆ ಒಂದು ಕಡೆ, ಮಾರುಕಟ್ಟೆ ಇನ್ನೊಂದು ಕಡೆ. ನಡುವೆ ಸುಮಾರು 85 ಕಿಲೋಮೀಟರ್ ದಾರಿ. ಬಂಗಾರಪೇಟೆ, ಕೋಲಾರ, ಹೊಸಕೋಟೆಯ ಮೂಲಕ ಹೋದರೆ ಕೆ.ಆರ್. ಪುರಂ ತಲುಪಲು ಅಷ್ಟಾಗುತ್ತದೆ. ಬೇತಮಂಗಲದ ಕಡೆಯಿಂದ ಬೆಂಗಳೂರು-ಚೆನ್ನೈ ಎಕ್ಸ್‌ಪ್ರೆಸ್‌ವೇ ಹಿಡಿದರೆ ಸಮಯ ಉಳಿಯಬಹುದು, ಆದರೆ ದೂರವೇನೂ ಕರಗುವುದಿಲ್ಲ.

ಖಾಲಿ ಓಟ ಎಂದರೆ ಯಾವುದು?

ಚಾಲಕರು ಇದನ್ನು ಡೆಡ್ ಕಿಲೋಮೀಟರ್ ಎನ್ನುತ್ತಾರೆ. ಅದು ಮೂರು ವಿಧದಲ್ಲಿ ಬರುತ್ತದೆ. ಮೂರನ್ನೂ ಬೇರೆ ಬೇರೆಯಾಗಿ ನೋಡಬೇಕು, ಯಾಕೆಂದರೆ ಅವುಗಳಿಗೆ ಇರುವ ಪರಿಹಾರವೂ ಬೇರೆ ಬೇರೆ.

ಮೊದಲನೆಯದು ಪಿಕಪ್ ಓಟ. ಬುಕಿಂಗ್ ಒಪ್ಪಿಕೊಂಡ ಜಾಗದಿಂದ ಪ್ರಯಾಣಿಕರು ನಿಂತಿರುವ ಗೇಟಿನವರೆಗೆ ಕಾರು ಓಡುವ ದೂರ ಇದು. ಎರಡನೆಯದು ಒಬ್ಬರನ್ನು ಇಳಿಸಿದ ಮೇಲೆ ಮುಂದಿನ ಬುಕಿಂಗ್ ಸಿಗುವ ಜಾಗಕ್ಕೆ ಸರಿಯುವ ಓಟ. ಮಧ್ಯಾಹ್ನ ಯಾವುದೋ ಬಡಾವಣೆಯ ಕೊನೆಯಲ್ಲಿ ಡ್ರಾಪ್ ಆದರೆ ಅಲ್ಲಿ ಕಾದು ಫಲವಿಲ್ಲ, ಮುಖ್ಯ ರಸ್ತೆಗೆ ಬರಲೇಬೇಕು. ಸಿ.ಎನ್.ಜಿ. ಬಂಕ್ ಹುಡುಕಿ ಹೋಗುವ ನಾಲ್ಕೈದು ಕಿಲೋಮೀಟರೂ ಇದರಲ್ಲೇ ಸೇರುತ್ತದೆ. ಮೂರನೆಯದು ಮನೆಯ ಓಟ, ಅಂದರೆ ಬೆಳಗ್ಗೆ ಮನೆಯಿಂದ ಮೊದಲ ಬುಕಿಂಗ್‌ವರೆಗೆ ಮತ್ತು ರಾತ್ರಿ ಕೊನೆಯ ಡ್ರಾಪ್‌ನಿಂದ ಮನೆಯವರೆಗೆ. ಬೆಂಗಳೂರಿನಲ್ಲೇ ವಾಸವಿರುವವನಿಗೆ ಈ ಮೂರನೆಯದು ಐದಾರು ಕಿಲೋಮೀಟರ್ ಇದ್ದೀತು. ಕೆ.ಜಿ.ಎಫ್.ನವನಿಗೆ ಇದೊಂದೇ ಹೋಗಿ ಬರಲು 170 ಕಿಲೋಮೀಟರ್.

ಸರ್ಕಾರ ನಿಗದಿ ಮಾಡುವ ದರವು ಇವನ್ನೆಲ್ಲ ನೇರವಾಗಿ ಎಣಿಸುವುದಿಲ್ಲ. 2024ರ ಆರಂಭದಲ್ಲಿ ರಾಜ್ಯ ಸರ್ಕಾರ ನಗರ ಟ್ಯಾಕ್ಸಿಗಳಿಗೂ ಆ್ಯಪ್ ಟ್ಯಾಕ್ಸಿಗಳಿಗೂ ಏಕರೂಪದ ದರ ಪ್ರಕಟಿಸಿತು. ಹತ್ತು ಲಕ್ಷ ರೂಪಾಯಿಯೊಳಗಿನ ಕಾರಿಗೆ ಮೊದಲ 4 ಕಿಲೋಮೀಟರಿಗೆ 100 ರೂಪಾಯಿ, ಆಮೇಲೆ ಪ್ರತಿ ಕಿಲೋಮೀಟರಿಗೆ 24 ರೂಪಾಯಿ. 2025ರ ಜುಲೈನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಮಾರ್ಗಸೂಚಿಯಲ್ಲಂತೂ ಖಾಲಿ ಓಟದ ಹೆಸರೇ ಇದೆ. ಕನಿಷ್ಠ ದರವು ಮೂರು ಕಿಲೋಮೀಟರಿಗೆ ಇರಬೇಕು, ಅದು ಪ್ರಯಾಣಿಕರಿಲ್ಲದೆ ಪಿಕಪ್‌ಗೆ ಬಂದ ಓಟವನ್ನು ಸರಿದೂಗಿಸಲಿಕ್ಕೆ ಎಂದು ಅದು ಹೇಳುತ್ತದೆ. ಸ್ವಂತ ವಾಹನ ಓಡಿಸುವವರಿಗೆ ದರದ ಕನಿಷ್ಠ ಶೇಕಡಾ 80 ಸಿಗಬೇಕೆಂದೂ ಅದರಲ್ಲಿದೆ. ಅಂದರೆ ಪಿಕಪ್ ಓಟಕ್ಕೆ ಸ್ವಲ್ಪ ಮಟ್ಟಿಗೆ ದರದೊಳಗೇ ಜಾಗವಿದೆ. ಎರಡನೆಯ ಓಟಕ್ಕೆ ಅದೃಷ್ಟವಿದ್ದರೆ ಉಂಟು. ಮನೆಯ ಓಟಕ್ಕೆ ಯಾರೂ ಹಣ ಕೊಡುವುದಿಲ್ಲ, ಕೊಡಬೇಕೆಂದು ಕೇಳುವ ಹಾಗೂ ಇಲ್ಲ.

ಒಂದು ದಿನದ ಲೆಕ್ಕ

ಈಗ ರಾಬರ್ಟ್‌ಸನ್‌ಪೇಟೆಯ ಒಬ್ಬ ಚಾಲಕನ ಒಂದು ದಿನವನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. ಇದು ಲೆಕ್ಕ ತಿಳಿಯಲು ನಾವು ಮಾಡಿಕೊಂಡ ಉದಾಹರಣೆ. ಎಣ್ಣೆಯ ಬೆಲೆ, ಕಾರಿನ ಮೈಲೇಜು ತಮ್ಮ ತಮ್ಮಲ್ಲಿ ಎಷ್ಟಿದೆಯೋ ಅದನ್ನು ಹಾಕಿಕೊಂಡರೆ ಯಾರಿಗೂ ಹೊಂದುತ್ತದೆ. ಕಾರು ಸಿ.ಎನ್.ಜಿ.ಯದು, ಕಿಲೋ ಗ್ಯಾಸಿಗೆ 90 ರೂಪಾಯಿ ಎಂದಿಟ್ಟುಕೊಳ್ಳೋಣ. ಹೆದ್ದಾರಿಯಲ್ಲಿ ಕಿಲೋ ಗ್ಯಾಸಿಗೆ 25 ಕಿಲೋಮೀಟರ್, ಬೆಂಗಳೂರಿನ ಟ್ರಾಫಿಕ್‌ನಲ್ಲಿ ಎ.ಸಿ. ಹಾಕಿ ಓಡಿಸಿದರೆ 20 ಕಿಲೋಮೀಟರ್ ಕೊಡುತ್ತದೆ.

ಬೆಳಗ್ಗೆ ನಾಲ್ಕೂವರೆಗೆ ಮನೆ ಬಿಟ್ಟು ಆರೂವರೆಗೆ ಕೆ.ಆರ್. ಪುರಂ ತಲುಪಿ ಆ್ಯಪ್ ಆನ್ ಮಾಡುತ್ತಾನೆ. ದಿನಕ್ಕೆ ಎಂಟು ಟ್ರಿಪ್ ಆಗುತ್ತದೆ. ಸರಾಸರಿ ಒಂದು ಟ್ರಿಪ್ 12 ಕಿಲೋಮೀಟರ್. ಸರ್ಕಾರಿ ದರದ ಪ್ರಕಾರ ಅದಕ್ಕೆ 100 ರೂಪಾಯಿ, ಮೇಲಿನ 8 ಕಿಲೋಮೀಟರಿಗೆ 192 ರೂಪಾಯಿ, ಒಟ್ಟು 292 ರೂಪಾಯಿ. ಆ್ಯಪ್‌ನವರ ಕಡಿತವೆಲ್ಲ ಹೋಗಿ ಕೈಗೆ 270 ರೂಪಾಯಿ ಬರುತ್ತದೆ ಎನ್ನೋಣ. ಎಂಟು ಟ್ರಿಪ್ಪಿಗೆ 2,160 ರೂಪಾಯಿ ಆಯಿತು. ರಾತ್ರಿ ಮನೆಗೆ ಬಂದು ಹೆಂಡತಿಯ ಕೈಯಲ್ಲಿ ಮೊಬೈಲ್ ಕೊಟ್ಟು ತೋರಿಸುವ ಅಂಕಿ ಇದೇ. ನೋಡಿದವರಿಗೆ ಪರವಾಗಿಲ್ಲ ಅನಿಸುತ್ತದೆ.

ಇನ್ನು ಓಟವನ್ನು ನೋಡೋಣ. ಪ್ರಯಾಣಿಕರು ಕುಳಿತ ಓಟ 96 ಕಿಲೋಮೀಟರ್. ಪ್ರತಿ ಟ್ರಿಪ್ಪಿಗೆ ಎರಡೂವರೆ ಕಿಲೋಮೀಟರಿನಂತೆ ಪಿಕಪ್ ಓಟ 20. ಡ್ರಾಪ್ ಆದ ಮೇಲೆ ಅತ್ತಿತ್ತ ಸರಿದದ್ದು, ಗ್ಯಾಸ್ ಹಾಕಿಸಲು ಹೋದದ್ದು ಸೇರಿ 24. ನಗರದೊಳಗೆ ಒಟ್ಟು 140 ಕಿಲೋಮೀಟರ್ ಆಯಿತು. ಇಲ್ಲಿಯವರೆಗೆ ನೂರು ಕಿಲೋಮೀಟರಿನಲ್ಲಿ ಸುಮಾರು 69ಕ್ಕೆ ಹಣ ಬಂದಿದೆ. ಕೆಟ್ಟದ್ದೇನಲ್ಲ. ಆದರೆ ಇದಕ್ಕೆ ಮನೆಯ ಓಟ 170 ಸೇರಿಸಿದರೆ ಓಡೋಮೀಟರ್ ತೋರಿಸುವುದು 310 ಕಿಲೋಮೀಟರ್. ಆಗ ನೂರರಲ್ಲಿ 31ಕ್ಕೆ ಮಾತ್ರ ಹಣ, 69 ಖಾಲಿ. ಅಂಕಿ ಪೂರಾ ತಿರುವುಮುರುವಾಗುತ್ತದೆ.

ಗ್ಯಾಸಿನ ಖರ್ಚು ಹೀಗೆ: ನಗರದ 140 ಕಿಲೋಮೀಟರಿಗೆ 7 ಕಿಲೋ, ಹೆದ್ದಾರಿಯ 170ಕ್ಕೆ 6.8 ಕಿಲೋ. ಒಟ್ಟು 13.8 ಕಿಲೋಗೆ 1,242 ರೂಪಾಯಿ. ಬಂದ 2,160 ರೂಪಾಯಿಯಲ್ಲಿ ಇದನ್ನು ಕಳೆದರೆ ಉಳಿದದ್ದು 918. ಹೋಗಿ ಬರುವ ಟೋಲ್‌ಗೆ 150 ರೂಪಾಯಿ ತೆಗೆದರೆ 768.

ಇಲ್ಲಿ ಒಂದು ಸಣ್ಣ ಭಾಗಾಕಾರ ಮಾಡಿದರೆ ವಿಷಯ ಇನ್ನೂ ಚೆನ್ನಾಗಿ ತಿಳಿಯುತ್ತದೆ. ಚಾಲಕನನ್ನು ಕೇಳಿದರೆ ತನ್ನ ಕಾರು ಕಿಲೋಮೀಟರಿಗೆ ನಾಲ್ಕೂವರೆ ರೂಪಾಯಿ ಗ್ಯಾಸ್ ತಿನ್ನುತ್ತದೆ ಎನ್ನುತ್ತಾನೆ. 90 ರೂಪಾಯಿಯನ್ನು 20ರಿಂದ ಭಾಗಿಸಿದರೆ ಹಾಗೆಯೇ ಬರುತ್ತದೆ. ಆದರೆ ದಿನದ ಗ್ಯಾಸಿನ ಹಣವನ್ನು ಭಾಗಿಸಬೇಕಾದದ್ದು ಹಣ ತಂದ ಕಿಲೋಮೀಟರಿನಿಂದ. 1,242ನ್ನು 96ರಿಂದ ಭಾಗಿಸಿ. ಸುಮಾರು 13 ರೂಪಾಯಿ. ಪ್ರಯಾಣಿಕರು ಕೊಟ್ಟ ಪ್ರತಿ ಕಿಲೋಮೀಟರಿನ ಇಪ್ಪತ್ತೆರಡೂವರೆ ರೂಪಾಯಿಯಲ್ಲಿ 13 ರೂಪಾಯಿ ಗ್ಯಾಸ್ ಬಂಕಿಗೇ ಹೋಯಿತು. ಮನೆಯ ಓಟ ಇಲ್ಲದಿದ್ದರೆ ಅದೇ ಖರ್ಚು ಆರೂವರೆ ರೂಪಾಯಿಯ ಹತ್ತಿರ ನಿಲ್ಲುತ್ತಿತ್ತು.

768 ರೂಪಾಯಿ ಕೂಡ ಕೂಲಿಯಾಗಿ ಉಳಿಯುವುದಿಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇವೆ. ಕಾರಿನ ಸಾಲದ ಕಂತು ತಿಂಗಳಿಗೆ 13,500 ರೂಪಾಯಿ, ದುಡಿಯುವ ದಿನ 26 ಎಂದಾದರೆ ದಿನಕ್ಕೆ 519 ರೂಪಾಯಿ. ಟಯರು, ಎಂಜಿನ್ ಆಯಿಲ್, ಬ್ರೇಕ್, ಕ್ಲಚ್ ಇತ್ಯಾದಿ ಸವಕಳಿಗೆ ಕಿಲೋಮೀಟರಿಗೆ ಒಂದೂವರೆ ರೂಪಾಯಿ ಎತ್ತಿಟ್ಟರೆ 310 ಕಿಲೋಮೀಟರಿಗೆ 465. ಎರಡೂ ಕಳೆದರೆ 216 ರೂಪಾಯಿ ಕಡಿಮೆ ಬೀಳುತ್ತದೆ. ಬೆಳಗ್ಗೆ ನಾಲ್ಕೂವರೆಯಿಂದ ರಾತ್ರಿ ಒಂಬತ್ತು ಗಂಟೆಯವರೆಗೆ ದುಡಿದವನು ದಿನಕ್ಕೆ 216 ರೂಪಾಯಿ ಕಳೆದುಕೊಂಡಿದ್ದಾನೆ. ಅವನಿಗೆ ಇದು ಗೊತ್ತಾಗುವುದು ಆ ದಿನವಲ್ಲ. ಕಂತು ಕಟ್ಟಿದ ಮೇಲೂ ಕೈಯಲ್ಲಿ ಇನ್ನೂರು, ಇನ್ನೂರೈವತ್ತು ಕಾಣುತ್ತದಲ್ಲ, ಮನೆ ನಡೆಯುತ್ತದೆ. ಏಳೆಂಟು ತಿಂಗಳಲ್ಲಿ ನಾಲ್ಕು ಟಯರು ಒಟ್ಟಿಗೆ ಸವೆದಾಗ ಅಥವಾ ವಿಮೆಯ ಹಣ ಕಟ್ಟುವ ತಿಂಗಳು ಬಂದಾಗ ಕೈಸಾಲಕ್ಕೆ ಓಡಬೇಕಾಗುತ್ತದೆ. ಆಗ ಎಲ್ಲರೂ ಟಯರನ್ನು ದೂರುತ್ತಾರೆ.

ಮನೆಯ ಓಟವನ್ನು ಕಡಿಮೆ ಮಾಡುವ ದಾರಿಗಳು

ಪಿಕಪ್ ಓಟವನ್ನು ಎಷ್ಟು ಉಳಿಸಿದರೂ ದಿನಕ್ಕೆ ಐದಾರು ಕಿಲೋಮೀಟರ್. ಆದ್ದರಿಂದ ಕೆ.ಜಿ.ಎಫ್., ಬಂಗಾರಪೇಟೆಯ ಚಾಲಕನು ಮೊದಲು ಕೈ ಹಾಕಬೇಕಾದದ್ದು ಆ 170 ಕಿಲೋಮೀಟರಿಗೆ.

ಬಹಳ ಮಂದಿ ಮಾಡುವುದು ವಾರಪೂರ್ತಿ ಬೆಂಗಳೂರಿನಲ್ಲೇ ಉಳಿಯುವುದು. ಸೋಮವಾರ ಹೋಗಿ ಶನಿವಾರ ರಾತ್ರಿ ಬರುವುದು. ಆಗ 170 ಕಿಲೋಮೀಟರ್ ಆರು ದಿನಕ್ಕೆ ಹಂಚಿಹೋಗಿ ದಿನಕ್ಕೆ 28 ಆಗುತ್ತದೆ. ದಾರಿಯಲ್ಲಿ ಹೋಗುತ್ತಿದ್ದ ನಾಲ್ಕು ಗಂಟೆಯೂ ಉಳಿಯುವುದರಿಂದ ಎಂಟರ ಜಾಗದಲ್ಲಿ ಹತ್ತು ಟ್ರಿಪ್ ಮಾಡಬಹುದು. ಬರುವ ಹಣ 2,700. ನಗರದ ಓಟ 175, ಮನೆಯ ಓಟದ ಪಾಲು 28, ಒಟ್ಟು 203 ಕಿಲೋಮೀಟರ್. ಗ್ಯಾಸಿಗೆ 889 ರೂಪಾಯಿ, ಟೋಲ್‌ನ ಪಾಲು 25. ಉಳಿದದ್ದು 1,786. ಊಟ ಮತ್ತು ನಾಲ್ಕೈದು ಮಂದಿ ಸೇರಿ ಹಿಡಿದ ಕೋಣೆಯ ಬಾಡಿಗೆಗೆ ದಿನಕ್ಕೆ 250, ಕಂತಿಗೆ 519, ಸವಕಳಿಗೆ 305 ತೆಗೆದರೆ 712 ರೂಪಾಯಿ ಕೈಗೆ ನಿಲ್ಲುತ್ತದೆ. 216ರ ನಷ್ಟದಿಂದ 712ರ ಉಳಿಕೆಗೆ ಬಂದದ್ದು ಯಾವ ಜಾಣತನದಿಂದಲೂ ಅಲ್ಲ, ಕಾರನ್ನು ಖಾಲಿ ಓಡಿಸದೆ ನಿಲ್ಲಿಸಿದ್ದರಿಂದ. ಕೋಣೆ ಉಳಿಸಲು ಕಾರಿನಲ್ಲೇ ಮಲಗುವವರೂ ಇದ್ದಾರೆ. ಅವರ ಲೆಕ್ಕ ಕಾಗದದ ಮೇಲೆ ಇನ್ನೂ ಚೆನ್ನಾಗಿ ಕಾಣುತ್ತದೆ, ಆದರೆ ನಾಲ್ಕು ದಿನ ಸರಿಯಾಗಿ ನಿದ್ದೆಯಿಲ್ಲದೆ ಓಡಿಸುವವನ ಕಾರಿನಲ್ಲಿ ನಾವಾದರೂ ಕುಳಿತುಕೊಳ್ಳುವೆವೇ?

ಇನ್ನೊಂದು ದಾರಿ ಕೆ.ಜಿ.ಎಫ್.ಗೆ ವಿಶೇಷವಾಗಿ ಒದಗಿದ್ದು. ಕಾರು ಬೆಂಗಳೂರಿನಲ್ಲಿರಲಿ, ಚಾಲಕ ರೈಲಿನಲ್ಲಿ ಬರಲಿ. ಮಾರಿಕುಪ್ಪಂ ರೈಲುಗಳು ಕೆ.ಆರ್. ಪುರಂ ಮೂಲಕವೇ ಹೋಗುತ್ತವೆ. ಮಾಸಿಕ ಪಾಸಿನ ಖರ್ಚನ್ನು ದಿನಕ್ಕೆ ಹಂಚಿದರೆ ಒಂದು ಊಟದಷ್ಟೂ ಆಗುವುದಿಲ್ಲ. ನಿಲ್ದಾಣದ ಸಮೀಪ ಕಾರು ನಿಲ್ಲಿಸಲು ಒಂದು ಸುಭದ್ರ ಜಾಗ ಗೊತ್ತುಮಾಡಿಕೊಳ್ಳಬೇಕು. ಪಾಸು, ಪಾರ್ಕಿಂಗ್ ಎರಡಕ್ಕೂ ಸೇರಿ ದಿನಕ್ಕೆ 120 ರೂಪಾಯಿ ಇಟ್ಟುಕೊಳ್ಳೋಣ. ರೈಲಿನ ಸಮಯಕ್ಕೆ ಕಟ್ಟುಬೀಳುವುದರಿಂದ ಬೆಳಗಿನ ಮೊದಲ ಬಾಡಿಗೆಗಳು ತಪ್ಪುತ್ತವೆ. ಏಳೇ ಟ್ರಿಪ್ ಎಂದರೂ 1,890 ರೂಪಾಯಿ ಬರುತ್ತದೆ. ಓಟ ಸುಮಾರು 123 ಕಿಲೋಮೀಟರ್, ಗ್ಯಾಸಿಗೆ 551 ರೂಪಾಯಿ. ಉಳಿದ 1,339ರಲ್ಲಿ 120, ಕಂತಿನ 519 ಮತ್ತು ಸವಕಳಿಯ 184 ಕಳೆದರೆ 516 ರೂಪಾಯಿ. ವಾರಪೂರ್ತಿ ಬೆಂಗಳೂರಿನಲ್ಲಿ ಉಳಿದವನಿಗಿಂತ ಸುಮಾರು 200 ಕಡಿಮೆ. ಆದರೆ ರಾತ್ರಿ ಮನೆಯಲ್ಲಿ ಮಕ್ಕಳ ಮುಖ ನೋಡಬಹುದು. ಅದಕ್ಕೆ 200 ರೂಪಾಯಿ ಹೆಚ್ಚೋ ಕಡಿಮೆಯೋ ಎಂಬುದನ್ನು ಆಯಾ ಮನೆಯವರೇ ತೀರ್ಮಾನಿಸಬೇಕು. ಒಂದೇ ಕಾರನ್ನು ಇಬ್ಬರು ಹಂಚಿಕೊಂಡು, ಹಗಲಿಗೆ ಒಬ್ಬ, ರಾತ್ರಿಗೆ ಒಬ್ಬ ಓಡಿಸಿದರೆ ಕಂತಿನ ಭಾರವೂ ಅರ್ಧವಾಗುತ್ತದೆ. ರಾತ್ರಿ 12ರಿಂದ ಬೆಳಗ್ಗೆ 6ರವರೆಗೆ ಶೇಕಡಾ 10 ಹೆಚ್ಚು ದರಕ್ಕೆ 2024ರ ಆದೇಶದಲ್ಲಿ ಅವಕಾಶ ಕೊಡಲಾಗಿತ್ತು.

ಮೂರನೆಯ ದಾರಿ ಮನೆಯ ಓಟಕ್ಕೆ ಪ್ರಯಾಣಿಕರನ್ನು ಹುಡುಕಿಕೊಳ್ಳುವುದು. ಬೆಂಗಳೂರಿನ ದೊಡ್ಡ ಆಸ್ಪತ್ರೆಗಳಿಗೆ ತಪಾಸಣೆಗೆ ಹೋಗುವವರು, ವಿಮಾನ ನಿಲ್ದಾಣಕ್ಕೆ ಹೋಗುವವರು ಕೆ.ಜಿ.ಎಫ್.ನಲ್ಲೂ ಬಂಗಾರಪೇಟೆಯಲ್ಲೂ ಇದ್ದೇ ಇರುತ್ತಾರೆ. ಅವರಿಗೆ ಕಾರು ಬೇಕಾಗುವುದು ಬೆಳಗಿನ ಜಾವ, ನಮ್ಮ ಚಾಲಕ ಖಾಲಿ ಹೊರಡುವ ಹೊತ್ತಿಗೇ. ಹೋಗುವ ದಾರಿಗೆ ಮಾತ್ರ 1,500 ರೂಪಾಯಿಗೆ ಒಂದು ಬಾಡಿಗೆ ಒದಗಿದರೆ ಅವನ ದಿನದ 216ರ ನಷ್ಟ 1,284ರ ಉಳಿಕೆಯಾಗುತ್ತದೆ. ಆ 85 ಕಿಲೋಮೀಟರಿಗೆ ಹೊಸದಾಗಿ ಗ್ಯಾಸ್ ಖರ್ಚಿಲ್ಲ, ಅದು ಹೇಗೂ ಸುಡುತ್ತಿದ್ದ ಗ್ಯಾಸ್. ಪ್ರತಿದಿನ ಸಿಗುವುದಿಲ್ಲ ನಿಜ. ವಾರಕ್ಕೆ ಒಂದು ಸಿಕ್ಕಿದರೆ ಆರು ದಿನಗಳ ನಷ್ಟ ತುಂಬಿ ಸ್ವಲ್ಪ ಉಳಿಯುತ್ತದೆ, ಎರಡು ಸಿಕ್ಕಿದರೆ ಮಾತ್ರ ಕೂಲಿ ಎನ್ನಬಹುದಾದದ್ದು ಸಿಗುತ್ತದೆ. ತಲೆಗೆ ಇಷ್ಟೆಂದು ನಾಲ್ಕು ಬೇರೆ ಬೇರೆ ಪ್ರಯಾಣಿಕರನ್ನು ದಾರಿಯುದ್ದಕ್ಕೂ ಹತ್ತಿಸಿಕೊಳ್ಳುವ ಆಸೆ ಇಲ್ಲಿ ಹುಟ್ಟುವುದು ಸಹಜ. ಟ್ಯಾಕ್ಸಿಯ ಪರ್ಮಿಟ್ ಇರುವುದು ಇಡೀ ವಾಹನವನ್ನು ಒಬ್ಬರಿಗೆ ಬಾಡಿಗೆ ಕೊಡಲಿಕ್ಕೆ, ಬಸ್ಸಿನ ಹಾಗೆ ಸೀಟಿಗೆ ಹಣ ಪಡೆಯಲಿಕ್ಕಲ್ಲ. ತಪಾಸಣೆಯಲ್ಲಿ ಸಿಕ್ಕಿಬಿದ್ದರೆ ದಂಡ ಕಟ್ಟಬೇಕಾಗುತ್ತದೆ, ಅಪಘಾತವಾದರೆ ವಿಮೆಯ ತಕರಾರು ಬೇರೆ.

ಒಂದೇ ಬುಕಿಂಗ್, ಎರಡು ಬೆಲೆ

ಖಾಲಿ ಓಟದ ಲೆಕ್ಕ ಗೊತ್ತಿದ್ದವನಿಗೆ ಯಾವ ಬುಕಿಂಗ್ ಒಪ್ಪಬೇಕು, ಯಾವುದನ್ನು ಬಿಡಬೇಕು ಎಂಬುದೂ ತಿಳಿಯುತ್ತದೆ. ದೇವನಹಳ್ಳಿಯ ವಿಮಾನ ನಿಲ್ದಾಣದಿಂದ ಬಂಗಾರಪೇಟೆಗೆ ಸುಮಾರು 90 ಕಿಲೋಮೀಟರ್. ರಾತ್ರಿ ಅಲ್ಲಿಗೆ ಒಂದು ಡ್ರಾಪ್ ಮುಗಿಸಿದ ಚಾಲಕನಿಗೆ ಬಂಗಾರಪೇಟೆಗೆ ಒಂದೇ ಕಡೆಯ ಬಾಡಿಗೆ ಬರುತ್ತದೆ, ಕೈಗೆ 1,700 ರೂಪಾಯಿ ಎನ್ನೋಣ.

ಚಾಲಕನು ಕೆ.ಆರ್. ಪುರಂ ನಿವಾಸಿಯಾಗಿದ್ದರೆ ಅವನು ಬಂಗಾರಪೇಟೆಯಲ್ಲಿ ಇಳಿಸಿ ಸುಮಾರು 70 ಕಿಲೋಮೀಟರ್ ಖಾಲಿ ಬರಬೇಕು. ಪಿಕಪ್ಪಿನ 3 ಕಿಲೋಮೀಟರ್ ಸೇರಿ 163 ಕಿಲೋಮೀಟರ್ ಓಟಕ್ಕೆ 587 ರೂಪಾಯಿ ಗ್ಯಾಸ್. ಉಳಿಯುವುದು 1,113. ಇದೇ ಬುಕಿಂಗ್ ರಾಬರ್ಟ್‌ಸನ್‌ಪೇಟೆಯವನಿಗೆ ಬಂದರೆ ಬಂಗಾರಪೇಟೆಯಿಂದ ಅವನ ಮನೆಗೆ ಇನ್ನು 13 ಕಿಲೋಮೀಟರ್. ಒಟ್ಟು 106 ಕಿಲೋಮೀಟರಿಗೆ 382 ರೂಪಾಯಿ ಗ್ಯಾಸ್ ಹೋಗಿ 1,318 ಉಳಿಯುತ್ತದೆ. ಅದಲ್ಲದೆ ಆ ರಾತ್ರಿ ಖಾಲಿಯಾಗಿ ಮನೆಗೆ ಬರಲು ಬೇಕಿದ್ದ 371 ರೂಪಾಯಿಯ ಗ್ಯಾಸೂ ಉಳಿಯಿತು. ಅಂದರೆ ಅವನಿಗೆ ಆ ಬಾಡಿಗೆಯ ನಿಜವಾದ ಬೆಲೆ 1,689 ರೂಪಾಯಿ. ಇಬ್ಬರಿಗೂ ಮೊಬೈಲ್ ತೋರಿಸಿದ್ದು 1,700. ಕೆಲವು ಆ್ಯಪ್‌ಗಳಲ್ಲಿ ಚಾಲಕನು ತಾನು ಹೋಗಬೇಕಾದ ಊರನ್ನು ಮೊದಲೇ ಗುರುತಿಸಿಟ್ಟು, ಆ ದಿಕ್ಕಿನ ಬುಕಿಂಗ್ ಮಾತ್ರ ಬರುವಂತೆ ಮಾಡುವ ಸೌಲಭ್ಯವಿದೆ. ದಿನಕ್ಕೆ ಇಂತಿಷ್ಟೇ ಸಲ ಎಂಬ ಮಿತಿ ಇರುವುದರಿಂದ ಅದನ್ನು ಮಧ್ಯಾಹ್ನವೇ ಖರ್ಚು ಮಾಡದೆ ಕೊನೆಯ ಹೊತ್ತಿಗೆ ಕಾದಿಟ್ಟುಕೊಳ್ಳುವುದು ಲೇಸು.

ಬಂಗಾರಪೇಟೆ ರೈಲು ನಿಲ್ದಾಣದ ಹೊರಗೆ ನಿಲ್ಲುವ ಕಾರು, ಆಟೋದವರು ದೂರದ ಹಳ್ಳಿಗೆ ಹೋಗಿ ಬರುವ ಎರಡೂ ಕಡೆಯ ಬಾಡಿಗೆ ಕೇಳಿದರೆ ಪ್ರಯಾಣಿಕರಿಗೆ ಸುಲಿಗೆ ಅನಿಸುವುದುಂಟು. ಕೆಲವೊಮ್ಮೆ ಅದು ಸುಲಿಗೆಯೇ ಇರಬಹುದು. ಆದರೆ ಆ ಹಳ್ಳಿಯಿಂದ ವಾಪಸು ಬರಲು ಯಾರೂ ಸಿಗುವುದಿಲ್ಲವಾದರೆ ಖಾಲಿ ಓಟದ ಗ್ಯಾಸನ್ನು ಯಾರಾದರೊಬ್ಬರು ಕೊಡಲೇಬೇಕಲ್ಲ. ಸ್ಟ್ಯಾಂಡಿನಲ್ಲಿ ಅದನ್ನು ಪ್ರಯಾಣಿಕರು ಕೊಡುತ್ತಾರೆ, ಆ್ಯಪ್‌ನಲ್ಲಿ ಹೆಚ್ಚಾಗಿ ಚಾಲಕ ಕೊಡುತ್ತಾನೆ.

ಲೆಕ್ಕ ಬರೆಯುವುದು ಹೇಗೆ, ತಪ್ಪುವುದೆಲ್ಲಿ?

ಇದಕ್ಕೆ ಕಂಪ್ಯೂಟರ್ ಏನೂ ಬೇಡ. ಡ್ಯಾಶ್‌ಬೋರ್ಡಿನಲ್ಲಿ ಒಂದು ಚಿಕ್ಕ ನೋಟುಪುಸ್ತಕ, ಒಂದು ಪೆನ್ನು ಇದ್ದರೆ ಸಾಕು. ದಿನಕ್ಕೆ ನಾಲ್ಕು ಸಲ ಓಡೋಮೀಟರ್ ನೋಡಿ ಬರೆಯಬೇಕು. ಮನೆ ಬಿಟ್ಟಾಗ, ಮೊದಲ ಬುಕಿಂಗ್ ಒಪ್ಪಿದಾಗ, ಕೊನೆಯ ಡ್ರಾಪ್ ಆದಾಗ, ಮನೆಗೆ ಬಂದಾಗ. ಮೊದಲೆರಡರ ವ್ಯತ್ಯಾಸ ಮತ್ತು ಕೊನೆಯೆರಡರ ವ್ಯತ್ಯಾಸ ಸೇರಿದರೆ ಮನೆಯ ಓಟ. ನಡುವಿನದ್ದು ನಗರದ ಓಟ. ಅದರಿಂದ ಆ್ಯಪ್‌ನ ಟ್ರಿಪ್ ಪಟ್ಟಿಯಲ್ಲಿರುವ ಕಿಲೋಮೀಟರುಗಳ ಮೊತ್ತವನ್ನು ಕಳೆದರೆ ಪಿಕಪ್ ಮತ್ತು ಅಲೆದಾಟದ ಓಟ ಸಿಗುತ್ತದೆ. ಎರಡು ಮೂರು ಆ್ಯಪ್ ಇಟ್ಟುಕೊಂಡವರು ಎಲ್ಲದರ ಪಟ್ಟಿಯನ್ನೂ ಕೂಡಿಸಬೇಕು.

ಮೈಲೇಜನ್ನು ಕಂಪೆನಿಯ ಜಾಹೀರಾತಿನಿಂದ ತೆಗೆದುಕೊಳ್ಳಬಾರದು. ಒಂದೇ ಬಂಕಿನಲ್ಲಿ ಸಿಲಿಂಡರ್ ತುಂಬಿಸಿ ಓಡೋಮೀಟರ್ ಬರೆದಿಟ್ಟು, ಮುಂದಿನ ಸಲ ಅಲ್ಲಿಯೇ ಅಷ್ಟೇ ಒತ್ತಡಕ್ಕೆ ತುಂಬಿಸಿದಾಗ ಎಷ್ಟು ಕಿಲೋ ಹಿಡಿಯಿತೆಂದು ನೋಡಬೇಕು. ಸಿ.ಎನ್.ಜಿ.ಯಲ್ಲಿ ಒತ್ತಡ ಕಡಿಮೆ ಇರುವ ಹೊತ್ತಿಗೆ ಸಿಲಿಂಡರ್ ಪೂರ್ತಿ ತುಂಬುವುದಿಲ್ಲ. ಹಾಗಾಗಿ ಒಂದೇ ಸಲದ ಅಂಕಿಯನ್ನು ನಂಬದೆ ಏಳೆಂಟು ಸಲದ ಒಟ್ಟು ಕಿಲೋಮೀಟರನ್ನು ಒಟ್ಟು ಕಿಲೋಗಳಿಂದ ಭಾಗಿಸಿದರೆ ಸರಿಯಾದ ಅಂಕಿ ಬರುತ್ತದೆ. ಗ್ಯಾಸ್ ಮುಗಿದು ಪೆಟ್ರೋಲಿನಲ್ಲಿ ಓಡಿದ್ದನ್ನು ಬೇರೆ ಬರೆಯದಿದ್ದರೆ ಮೈಲೇಜು ಇದ್ದದ್ದಕ್ಕಿಂತ ಚೆನ್ನಾಗಿ ಕಾಣಿಸಿ ಮೋಸ ಮಾಡುತ್ತದೆ.

ಹಣದ ಕಡೆಯಲ್ಲಿ ಬಹಳ ಜನ ತಪ್ಪುವುದು ನಗದಿನ ವಿಷಯದಲ್ಲಿ. ಪ್ರಯಾಣಿಕರು ಕೈಗೆ ಕೊಟ್ಟ 300 ರೂಪಾಯಿಯಲ್ಲಿ ಆ್ಯಪ್‌ನವರ ಪಾಲೂ ಸೇರಿರುತ್ತದೆ, ಅದನ್ನು ಅವರು ನಂತರದ ಆನ್‌ಲೈನ್ ಟ್ರಿಪ್ಪಿನ ಹಣದಿಂದ ಹಿಡಿದುಕೊಳ್ಳುತ್ತಾರೆ. ಸೋಮವಾರದ ನಗದು ಜೇಬಿನಲ್ಲಿ ಖರ್ಚಾಗಿ ಹೋಗಿರುತ್ತದೆ, ಗುರುವಾರದ ಖಾತೆಯಲ್ಲಿ ಕಡಿಮೆ ಬಿದ್ದಾಗ ಕಾರಣವೇ ತಿಳಿಯುವುದಿಲ್ಲ. ಟ್ರಿಪ್ಪಿಗೆ ಕಡಿತವಿಲ್ಲದೆ ದಿನಕ್ಕೆ ಇಂತಿಷ್ಟು ಎಂದು ಶುಲ್ಕ ಪಡೆಯುವ ಆ್ಯಪ್‌ಗಳಲ್ಲಿ ಲೆಕ್ಕ ಬೇರೆ. ಅಲ್ಲಿ ಎರಡೇ ಟ್ರಿಪ್ ಮಾಡಿದ ದಿನವೂ ಪೂರ್ತಿ ಶುಲ್ಕ ಹೋಗುತ್ತದೆ. ಇಷ್ಟು ಟ್ರಿಪ್ ಮುಗಿಸಿದರೆ ಇಷ್ಟು ಬಹುಮಾನ ಎಂಬ ಹಣವನ್ನು ಬರುವ ಮೊದಲೇ ಲೆಕ್ಕಕ್ಕೆ ಸೇರಿಸಬಾರದು. ಅದರ ಆಸೆಗೆ ಆರೇಳು ಕಿಲೋಮೀಟರ್ ದೂರದ ಪಿಕಪ್ ಒಪ್ಪಿಕೊಂಡರೆ ಬಹುಮಾನದ ಒಂದು ಪಾಲು ಗ್ಯಾಸಿಗೇ ಹೋಗಿರುತ್ತದೆ.

ಒಂದು ವಾರ ಹೀಗೆ ಬರೆದರೆ ಆ ಕುಟುಂಬದ ಅಂಕಿ ತಾನಾಗಿ ಹೊರಬರುತ್ತದೆ. ಚರ್ಚಿನ ಮೂಲಕ ಯುವಕರಿಗೆ ಕಾರಿನ ಸಾಲದ ಅರ್ಜಿ ತುಂಬಲು, ಜಾಮೀನು ಹಾಕಲು ನೆರವಾಗುವವರು ನಮ್ಮಲ್ಲಿ ಇದ್ದಾರೆ. ಸಾಲಕ್ಕೆ ಸಹಿ ಹಾಕುವ ಮೊದಲು ಅರ್ಜಿದಾರನನ್ನು ಎರಡು ಪ್ರಶ್ನೆ ಕೇಳಿದರೆ ಒಳ್ಳೆಯದು. ಕಾರು ರಾತ್ರಿ ಎಲ್ಲಿ ನಿಲ್ಲುತ್ತದೆ? ಅಲ್ಲಿಂದ ಮೊದಲ ಬಾಡಿಗೆ ಸಿಗುವ ಜಾಗಕ್ಕೆ ಎಷ್ಟು ಕಿಲೋಮೀಟರ್? ಮೇಲಿನ ಉದಾಹರಣೆಯ ಕಾರಿನಲ್ಲಿ ಎಂಟು ಟ್ರಿಪ್ ಮಾಡುವವನಿಗೆ, ಹೋಗಿ ಬರುವ ಮನೆಯ ಓಟವು ಪ್ರತಿ ಹತ್ತು ಕಿಲೋಮೀಟರ್ ಹೆಚ್ಚಿದಂತೆ ಗ್ಯಾಸು, ಸವಕಳಿ ಸೇರಿ ದಿನಕ್ಕೆ 51 ರೂಪಾಯಿ ಕಡಿಮೆಯಾಗುತ್ತದೆ. ತಿಂಗಳ 26 ದಿನಕ್ಕೆ ಅದು 1,326 ರೂಪಾಯಿ.